ಮುಂದಿನ ಶುಕ್ರವಾರ ಅಂದ್ರೆ ಯಾವ ತಾರೀಕು?

ಕಾಸರಗೋಡಿನ ಕಡೆ ಒಂದು ಕೆಲಸಕ್ಕೆ ದಿನ ಗೊತ್ತು ಮಾಡುವಾಗ ಒಂದೇ ಫೋನ್ ಮಾತಿನಲ್ಲಿ ಎರಡು ಮೂರು ಭಾಷೆ ಬಂದುಹೋಗುತ್ತವೆ. ಮನೆಯವರು ಕನ್ನಡದಲ್ಲಿ ಕೇಳುತ್ತಾರೆ. ಕೆಲಸದವರು ಮಲಯಾಳದಲ್ಲಿ ಉತ್ತರ ಕೊಡುತ್ತಾರೆ. ನಡುವೆ ತುಳುವಿನ ಒಂದು ಮಾತು ಸೇರಿಕೊಳ್ಳುತ್ತದೆ. ಕೂಲಿ, ಸಾಮಾನು, ಊಟ ಎಲ್ಲವೂ ಇಬ್ಬರಿಗೂ ಸರಿಯಾಗಿ ಅರ್ಥವಾಗಿರುತ್ತದೆ. ‘ಮುಂದಿನ ಶುಕ್ರವಾರ’ ಎಂಬ ಮಾತು ಮಾತ್ರ ಒಬ್ಬರಿಗೆ ಎರಡು ದಿನದಾಚೆಯ ಶುಕ್ರವಾರ, ಇನ್ನೊಬ್ಬರಿಗೆ ಒಂಬತ್ತು ದಿನದಾಚೆಯ ಶುಕ್ರವಾರ ಆಗಿರುತ್ತದೆ. ಇಬ್ಬರೂ ತಪ್ಪು ಹೇಳಿಲ್ಲ, ಇಬ್ಬರೂ ತಪ್ಪು ಕೇಳಿಸಿಕೊಂಡಿಲ್ಲ. ಹಾಗಾಗಿಯೇ ಈ ಗೊಂದಲ ಆ ದಿನ ಬರುವ ತನಕ ಯಾರ ಗಮನಕ್ಕೂ ಬರುವುದಿಲ್ಲ.

ಇಂಥ ಮಾತನ್ನು ಕೇಳಿದ ಕೂಡಲೇ ತಾರೀಕಿಗೆ ಇಳಿಸುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗಳಿಗೆಲ್ಲ 2026ರ ಕ್ಯಾಲೆಂಡರ್ ಹಿಡಿದಿದ್ದೇನೆ. ಪಕ್ಕದಲ್ಲಿ ಒಂದು ಕ್ಯಾಲೆಂಡರ್ ಇಟ್ಟುಕೊಂಡು ಓದಿದರೆ ಸುಲಭ.

ಮೊದಲು: ಮಾತು ಆಡಿದ ದಿನ ಯಾವುದು?

‘ನಾಳೆ’, ‘ನಾಡಿದ್ದು’, ‘ಬರುವ ವಾರ’ ಇವೆಲ್ಲ ಮಾತು ಆಡಿದ ದಿನದಿಂದ ಎಣಿಸುವಂಥವು, ನಾವು ಕೇಳಿಸಿಕೊಂಡ ದಿನದಿಂದ ಅಲ್ಲ. ಎದುರಿಗೆ ಕೂತು ಮಾತಾಡುವಾಗ ಎರಡೂ ಒಂದೇ. ವಾಟ್ಸಾಪ್ ವಾಯ್ಸ್ ಮೆಸೇಜ್‌ನಲ್ಲಿ ಹಾಗಲ್ಲ. ಶನಿವಾರ ರಾತ್ರಿ ಕಳಿಸಿದ್ದನ್ನು ನೀವು ಸೋಮವಾರ ಬೆಳಗ್ಗೆ ಕೇಳುತ್ತೀರಿ, ‘ನಾಡಿದ್ದು ಬರ್ತೇನೆ’ ಅಂತ ಇರುತ್ತದೆ. ಅವರು ಹೇಳಿದ್ದು ಸೋಮವಾರವನ್ನೇ, ಅಂದರೆ ನೀವು ಕೇಳುತ್ತಿರುವ ಆ ಬೆಳಗ್ಗೆಯನ್ನೇ. ಬೇರೊಬ್ಬರು ಫಾರ್ವರ್ಡ್ ಮಾಡಿದ ಮೆಸೇಜ್ ಆದರೆ ಕಷ್ಟ ಇನ್ನೂ ಜಾಸ್ತಿ. ಅದರ ಕೆಳಗೆ ಕಾಣುವುದು ಫಾರ್ವರ್ಡ್ ಆದ ಹೊತ್ತು, ಮೂಲ ಮಾತಿನ ಹೊತ್ತಲ್ಲ. ಅಂಥದ್ದರಲ್ಲಿ ಬರೀ ‘ಬರುವ ಶುಕ್ರವಾರ’ ಅಂತ ಇದ್ದರೆ ಲೆಕ್ಕ ಹಾಕುವ ಗೋಜಿಗೆ ಹೋಗಬೇಡಿ, ಮೂಲ ಕಳಿಸಿದವರನ್ನೇ ಕೇಳಿ.

‘ನಾಡಿದ್ದು’ ಎಂಬ ಪದಕ್ಕೆ ನಮ್ಮ ಕಡೆ ಇನ್ನೊಂದು ಬಳಕೆಯೂ ಉಂಟು. ಸೋಮವಾರ ಕೂತುಕೊಂಡು ‘ನಾಡಿದ್ದು ಶುಕ್ರವಾರ ಗೃಹಪ್ರವೇಶ’ ಅನ್ನುತ್ತೇವೆ. ಇಲ್ಲಿ ನಾಡಿದ್ದು ಅಂದರೆ ನಾಳೆಯ ಮರುದಿನ ಅಲ್ಲ, ಮುಂದೆ ಮೊದಲು ಸಿಗುವ ಶುಕ್ರವಾರ. ಬಯಲುಸೀಮೆಯಿಂದ ಇಲ್ಲಿಗೆ ಕೆಲಸಕ್ಕೆ ಬಂದವರು ಇದನ್ನು ಕೇಳಿ, ಬುಧವಾರವಾ ಶುಕ್ರವಾರವಾ ಅಂತ ತಬ್ಬಿಬ್ಬಾಗುವುದು ಸಹಜ. ನಿಯಮ ಸರಳ: ನಾಡಿದ್ದಿನ ಜೊತೆ ವಾರದ ಹೆಸರು ಬಂದರೆ ವಾರದ ಹೆಸರನ್ನು ಹಿಡಿಯಿರಿ. ‘ಮೊನ್ನೆ ಶುಕ್ರವಾರ’ ಅಂದರೂ ಹಾಗೆಯೇ, ಇತ್ತೀಚೆಗೆ ಕಳೆದ ಶುಕ್ರವಾರ ಅಂತಲೇ ಅರ್ಥ.

ಎರಡನೆಯದು: ಯಾವ ಪದ ಬಂತು ಅಂತ ಗಮನಿಸಿ

ವಾರದ ಹೆಸರಿನ ಹಿಂದೆ ಬರುವ ಪದಗಳಲ್ಲಿ ಕೆಲವನ್ನು ಧೈರ್ಯವಾಗಿ ನಂಬಬಹುದು, ಕೆಲವನ್ನು ನಂಬಲು ಆಗುವುದಿಲ್ಲ.

‘ಬರುವ ಶುಕ್ರವಾರ’, ‘ನಾಡಿದ್ದು ಶುಕ್ರವಾರ’, ತುಳುವಿನ ‘ಬರ್ಪಿ’, ಮಲಯಾಳದ ‘ವರುನ್ನ ವೆಳ್ಳಿಯಾಳ್ಚ’ ಇವು ಮೊದಲು ಎದುರಾಗುವ ಶುಕ್ರವಾರವನ್ನು ಹೇಳುತ್ತವೆ. ‘ಈ ಶುಕ್ರವಾರ’ವೂ ಹೆಚ್ಚು ಕಡಿಮೆ ಅದೇ. ಆದರೆ ಅದು ಈಗಷ್ಟೇ ಕಳೆದ ಶುಕ್ರವಾರವೂ ಆಗಬಹುದು, ಕ್ರಿಯಾಪದ ನೋಡಿ ತಿಳಿದುಕೊಳ್ಳಬೇಕು. ಶನಿವಾರದ ದಿನ ‘ಈ ಶುಕ್ರವಾರ ಬಂದಿದ್ದ’ ಅಂದರೆ ನಿನ್ನೆ. ‘ಈ ಶುಕ್ರವಾರ ಬರ್ತಾನೆ’ ಅಂದರೆ ಆರು ದಿನದಾಚೆ.

‘ಆಚೆ ಶುಕ್ರವಾರ’, ‘ಈ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ’ ಇವು ಎರಡನೆಯ ಶುಕ್ರವಾರ. ಇವನ್ನೂ ನಂಬಬಹುದು, ಯಾಕೆಂದರೆ ಮೊದಲನೆಯದನ್ನು ದಾಟಿ ಹೋಗುತ್ತಿದ್ದೇವೆ ಎಂಬುದು ಮಾತಿನಲ್ಲೇ ಉಂಟು.

ಉಳಿದದ್ದು ‘ಮುಂದಿನ’. ಮಲಯಾಳದ ‘ಅಡುತ್ತ’, ಇಂಗ್ಲಿಷಿನ ‘ನೆಕ್ಸ್ಟ್’ ಕೂಡ ಇದೇ ಗುಂಪಿನವು. ಈ ಮೂರಕ್ಕೂ ಎರಡೆರಡು ಓದು ಉಂಟು. ಒಂದು ಗುಂಪಿನವರಿಗೆ ಮುಂದೆ ಮೊದಲು ಬರುವ ಶುಕ್ರವಾರವೇ ಮುಂದಿನ ಶುಕ್ರವಾರ. ಇನ್ನೊಂದು ಗುಂಪಿನವರು ಮನಸ್ಸಿನಲ್ಲಿ ವಾರಗಳನ್ನು ಸಾಲಾಗಿ ಇಟ್ಟುಕೊಳ್ಳುತ್ತಾರೆ. ಈ ವಾರದ್ದು ‘ಈ ಶುಕ್ರವಾರ’, ಮುಂದಿನ ವಾರದ್ದು ‘ಮುಂದಿನ ಶುಕ್ರವಾರ’. ಇದು ಭಾಷೆ ಬಾರದ ತೊಂದರೆ ಅಲ್ಲ. ಒಂದೇ ಮನೆಯಲ್ಲಿ, ಒಂದೇ ಭಾಷೆಯಲ್ಲಿ ಅಕ್ಕ ಒಂದು ರೀತಿ ಹೇಳುತ್ತಾಳೆ, ತಮ್ಮ ಇನ್ನೊಂದು ರೀತಿ ಹೇಳುತ್ತಾನೆ. ಇಂಗ್ಲಿಷ್ ಮನೆಮಾತಿನವರ ನಡುವೆಯೂ ಇದೇ ಜಗಳ ಉಂಟು, ಅಲ್ಲಿಯೂ ತೀರ್ಮಾನ ಆಗಿಲ್ಲ.

ಮೂರನೆಯದು: ಅಪಾಯ ಇರುವ ದಿನಗಳು

ಎಲ್ಲಾ ದಿನವೂ ‘ಮುಂದಿನ ಶುಕ್ರವಾರ’ ಗೊಂದಲ ಮಾಡುವುದಿಲ್ಲ. ಮಾತು ಆಡುತ್ತಿರುವುದು ಶುಕ್ರವಾರವೇ ಆದರೆ ಅನುಮಾನವೇ ಇಲ್ಲ, ಸರಿಯಾಗಿ ಒಂದು ವಾರದ ನಂತರದ್ದು. ಶನಿವಾರ ಆಡಿದರೂ ಹೆಚ್ಚಿನವರಿಗೆ ಒಂದೇ ಅರ್ಥ, ಈ ವಾರದ ಶುಕ್ರವಾರ ಆಗಲೇ ಕಳೆದಿದೆಯಲ್ಲ. ಭಾನುವಾರ ಸ್ವಲ್ಪ ಅಲುಗಾಡುತ್ತದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಭಾನುವಾರಕ್ಕೆ ಹೊಸ ವಾರ ಶುರು. ಆಫೀಸು, ಶಾಲೆ ಅಂತ ಬದುಕುವವರಿಗೆ ಸೋಮವಾರಕ್ಕೆ ಶುರು. ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡ ISO 8601 ಕೂಡ ಸೋಮವಾರವನ್ನೇ ವಾರದ ಮೊದಲ ದಿನ ಅನ್ನುತ್ತದೆ. ಆದ್ದರಿಂದ ಭಾನುವಾರ ‘ಮುಂದಿನ ವಾರ’ ಅಂದರೆ ಕೆಲವರಿಗೆ ನಾಳೆಯಿಂದಲೇ, ಕೆಲವರಿಗೆ ಬರುವ ಭಾನುವಾರದಿಂದ.

ನಿಜವಾದ ಅಪಾಯ ಸೋಮವಾರದಿಂದ ಗುರುವಾರದ ವರೆಗೆ. ಆಗ ಈ ವಾರದ ಶುಕ್ರವಾರ ಇನ್ನೂ ಮುಂದೆಯೇ ಇರುತ್ತದೆ, ಎರಡು ಓದಿಗೂ ಜಾಗ ಇರುತ್ತದೆ. ಗುರುವಾರ ಆದರೆ ‘ನಾಳೆ’ ಅನ್ನುತ್ತಿದ್ದರು, ಹಾಗಾಗಿ ‘ಮುಂದಿನ’ ಅಂದದ್ದು ಆಚೆ ವಾರದ್ದೇ ಇರಬೇಕು ಅಂತ ಊಹಿಸಬಹುದು. ಬುಧವಾರ ಹಾಗೆ ಊಹಿಸಲು ಸ್ವಲ್ಪ ಕಷ್ಟ. ಸೋಮವಾರ, ಮಂಗಳವಾರ ಅಂತೂ ಊಹೆ ಬೇಡವೇ ಬೇಡ.

ಒಂದು ಪ್ರಸಂಗ ಇಟ್ಟುಕೊಂಡು ನೋಡೋಣ. ಬದಿಯಡ್ಕದ ಕಡೆ ಒಂದು ಅಡಿಕೆ ತೋಟ. ಮಳೆಗಾಲ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಿಸಬೇಕು. ಮದ್ದು ಬಿಡುವವರು ಕಾಞಂಗಾಡಿನ ಕಡೆಯಿಂದ ಬರುವವರು. ಮೇ 20, ಬುಧವಾರ ಸಂಜೆ ಫೋನಿನಲ್ಲಿ ‘ಅಡುತ್ತ ವೆಳ್ಳಿಯಾಳ್ಚ ವರಾಂ’ ಅಂದರು. ಮೇ 22 ಕೂಡ ಶುಕ್ರವಾರ, ಮೇ 29 ಕೂಡ ಶುಕ್ರವಾರ. ಯಾವುದು?

ತಪ್ಪಾಗಿ ಹಿಡಿದರೆ ಏನಾಗುತ್ತದೆ ಅಂತ ನೋಡಿ. ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಮೈಲುತುತ್ತನ್ನು ಮೊದಲೇ ನೀರಲ್ಲಿ ನೆನೆಸಿ ಕರಗಿಸಿಕೊಳ್ಳಬೇಕು. ಎರಡನ್ನೂ ಸೇರಿಸಿದ ಮೇಲೆ ಅದೇ ದಿನ ಬಿಟ್ಟು ಮುಗಿಸಬೇಕು, ಮರುದಿನಕ್ಕೆ ಇಟ್ಟರೆ ಮದ್ದಿನ ಗುಣ ಹೋಗುತ್ತದೆ. ಮನೆಯವರು 22 ಅಂದುಕೊಂಡು ಬೆಳಗ್ಗೆಯೇ ಡ್ರಮ್ಮಿನಲ್ಲಿ ಕಲಸಿ ಇಟ್ಟರೆ ಅಷ್ಟೂ ಹಾಳು. ಮನೆಯವರು 29 ಅಂದುಕೊಂಡರೆ, 22ಕ್ಕೆ ಮೂರು ಜನ ಬೆಳಗ್ಗೆ ಏಳು ಗಂಟೆಗೆ ಬಂದು ಗೇಟಿನ ಹತ್ತಿರ ನಿಂತಿರುತ್ತಾರೆ, ಮೈಲುತುತ್ತು ಇನ್ನೂ ಅಂಗಡಿಯಲ್ಲೇ ಇರುತ್ತದೆ. ಎರಡನೆಯ ಸಲ ಮದ್ದು ಬಿಡುವುದು 40ರಿಂದ 45 ದಿನಕ್ಕೆ. ಮೊದಲನೆಯದು ಮೇ 22 ಆದರೆ 40ನೇ ದಿನ ಜುಲೈ 1, ಮೇ 29 ಆದರೆ ಜುಲೈ 8. ಒಂದು ಪದದ ಗೊಂದಲ ಜುಲೈ ತನಕ ಎಳೆಯುತ್ತದೆ.

ನಾಲ್ಕನೆಯದು: ತಿರುಗಿ ಕೇಳುವ ರೀತಿ

ತಿರುಗಿ ಕೇಳಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಹೇಗೆ ಕೇಳಬೇಕು ಅನ್ನುವುದರಲ್ಲಿ ಕೆಲಸ ಕೆಡುತ್ತದೆ. ‘ಮುಂದಿನ ಶುಕ್ರವಾರವೇ ಅಲ್ವಾ?’ ಅಂತ ಕೇಳಿದರೆ ಆ ಕಡೆಯಿಂದ ‘ಹೌದು’ ಅಂತಲೇ ಬರುತ್ತದೆ. ಅವರ ಮನಸ್ಸಿನ ಶುಕ್ರವಾರಕ್ಕೆ ಅವರು ಹೌದು ಅಂದರು, ನಿಮ್ಮ ಮನಸ್ಸಿನ ಶುಕ್ರವಾರಕ್ಕೆ ನೀವು ಕೇಳಿದಿರಿ. ಗೊಂದಲ ಅಲ್ಲೇ ಉಳಿಯಿತು.

ಎರಡು ತಾರೀಕನ್ನೂ ಮುಂದಿಟ್ಟು ಕೇಳಬೇಕು.

‘ಅಣ್ಣ, ಮುಂದಿನ ಶುಕ್ರವಾರ ಬರ್ತೇವೆ ಆಯ್ತಾ.’

‘ಯಾವುದು ಮಾರಾಯ, 22ಕ್ಕಾ, 29ಕ್ಕಾ?’

‘ಅಯ್ಯೋ, 29ಕ್ಕೆ. ಈ ಶುಕ್ರವಾರ ಪೆರ್ಲದಲ್ಲಿ ಕೆಲಸ ಉಂಟಲ್ಲ.’

‘ಹಾಗಾದ್ರೆ 29, ಶುಕ್ರವಾರ, ಬೆಳಗ್ಗೆ ಏಳಕ್ಕೆ. ನಾನು 28ಕ್ಕೆ ಸಂಜೆ ಫೋನ್ ಮಾಡ್ತೇನೆ.’

ಇಲ್ಲಿ ಮೂರು ಕೆಲಸ ಆಯಿತು. ಎರಡರಲ್ಲಿ ಒಂದನ್ನು ಆರಿಸಲೇಬೇಕಾದ್ದರಿಂದ ಸುಮ್ನೆ ‘ಹೌದು’ ಅನ್ನಲು ದಾರಿ ಇರಲಿಲ್ಲ. ಕಾರಣವೂ ತಾನಾಗಿ ಹೊರಗೆ ಬಂತು. ಕೊನೆಗೆ ತಾರೀಕು ಮತ್ತು ವಾರ ಎರಡನ್ನೂ ಸೇರಿಸಿ ಹೇಳಿದ್ದರಿಂದ ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಯಾರಾದರೂ ‘28, ಶುಕ್ರವಾರ’ ಅಂದುಬಿಟ್ಟರೆ ಆ ಎರಡೂ ಹೊಂದುವುದಿಲ್ಲ ಅಂತ ಕ್ಯಾಲೆಂಡರ್ ನೋಡಿದ ಕೂಡಲೇ ಗೊತ್ತಾಗುತ್ತದೆ. ಬರೀ ತಾರೀಕು ಹೇಳಿದ್ದರೆ ಈ ತಪ್ಪು ಸಿಗುತ್ತಿರಲಿಲ್ಲ.

ನೀವೇ ಹೇಳುವವರಾದರೆ, ವಾರದ ಹೆಸರಿನ ಜೊತೆ ‘ಮುಂದಿನ’ ಎಂಬ ಪದವನ್ನು ಬಿಟ್ಟೇಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ‘ಬರುವ’ ಉಂಟು, ‘ಆಚೆ’ ಉಂಟು, ಎರಡೂ ಸ್ಪಷ್ಟ.

ಇನ್ನೊಂದು ಸಣ್ಣ ವಿಷಯ. ರಾತ್ರಿ ಹನ್ನೆರಡು ದಾಟಿದ ರೈಲು, ಬಸ್ಸಿಗೆ ಟಿಕೆಟ್ ಮಾಡುವಾಗ ‘ಶುಕ್ರವಾರ ರಾತ್ರಿ’ ಅಂದರೆ ಎರಡು ತಾರೀಕು ಆಗಬಹುದು. ಶುಕ್ರವಾರ ಊಟ ಮಾಡಿ ಹೊರಟು 12.30ರ ರೈಲು ಹತ್ತುವುದಾದರೆ ಟಿಕೆಟ್ ಶನಿವಾರದ ತಾರೀಕಿಗೆ ಆಗಬೇಕು. ಶುಕ್ರವಾರದ ತಾರೀಕಿಗೆ ಮಾಡಿಸಿದರೆ ಆ ರೈಲು ಗುರುವಾರ ಮಲಗುವ ಹೊತ್ತಿಗೇ ಹೋಗಿರುತ್ತದೆ.

ಐದನೆಯದು: ಹದಿನೈದು ದಿನ ಅಂದರೆ ಎಷ್ಟು ದಿನ?

ಇಂಗ್ಲಿಷಿನ ಫೋರ್ಟ್‌ನೈಟ್ ಅಂದರೆ ಹದಿನಾಲ್ಕು ರಾತ್ರಿ, ಸರಿಯಾಗಿ ಎರಡು ವಾರ. ನಾವು ಅದನ್ನೇ ‘ಹದಿನೈದು ದಿನ’ ಅನ್ನುತ್ತೇವೆ. ಒಂದು ವಾರಕ್ಕೆ ‘ಎಂಟು ದಿನ’ ಅನ್ನುವುದೂ ಹಾಗೆಯೇ. ಇವತ್ತು ಬುಧವಾರ ಆದರೆ, ಇವತ್ತನ್ನೂ ಸೇರಿಸಿ ಎಣಿಸಿದಾಗ ಬರುವ ಬುಧವಾರ ಎಂಟನೇ ದಿನ, ಅದರಾಚೆಯ ಬುಧವಾರ ಹದಿನೈದನೇ ದಿನ. ಲೆಕ್ಕ ಸರಿಯೇ, ಎಣಿಕೆ ಎಲ್ಲಿಂದ ಶುರು ಅನ್ನುವುದಷ್ಟೇ ಬೇರೆ. ಪಂಚಾಂಗದ ಪಕ್ಷ ಇದಕ್ಕೆ ಸೇರಿದ್ದಲ್ಲ. ಅಲ್ಲಿ ಹದಿನೈದು ತಿಥಿ, ಆದರೆ ತಿಥಿ ನಮ್ಮ ದಿನಕ್ಕೆ ಸಮ ಅಲ್ಲದ್ದರಿಂದ ಒಂದು ಪಕ್ಷ ಹೆಚ್ಚಾಗಿ 14 ಅಥವಾ 15 ದಿನಕ್ಕೆ ಮುಗಿಯುತ್ತದೆ.

ಇದು ತೊಂದರೆ ಕೊಡುವುದು ಡಾಕ್ಟರ ಹತ್ತಿರ. ಮಂಗಳೂರಿನಿಂದ ಬುಧವಾರ ಮಾತ್ರ ಬರುವ ಒಬ್ಬ ಸ್ಪೆಷಲಿಸ್ಟ್ ಇದ್ದಾರೆ ಅಂತ ಇಟ್ಟುಕೊಳ್ಳಿ. ಮೇ 20ಕ್ಕೆ ನೋಡಿ ‘15 ದಿನ ಬಿಟ್ಟು ಬನ್ನಿ’ ಅಂದರು. ಮೇ 20ಕ್ಕೆ 15 ಕೂಡಿಸಿದರೆ ಜೂನ್ 4, ಗುರುವಾರ. ‘ಬಿಟ್ಟು’ ಎಂಬುದನ್ನು ಅಕ್ಷರಕ್ಕೆ ಅಕ್ಷರ ಹಿಡಿದರೆ ಜೂನ್ 5. ಎರಡೂ ದಿನ ಡಾಕ್ಟರು ಇರುವುದಿಲ್ಲ. ಅವರ ಮನಸ್ಸಿನಲ್ಲಿ ಇದ್ದದ್ದು ಜೂನ್ 3ರ ಬುಧವಾರ. ಆದ್ದರಿಂದ ಹದಿನೈದು ದಿನ ಅಂತ ಕೇಳಿದ ಕೂಡಲೇ ಒಂದೇ ಪ್ರಶ್ನೆ ಕೇಳಿ: ‘ಬುಧವಾರಕ್ಕೇನಾ?’ ಹೌದು ಅಂದರೆ 14 ಕೂಡಿಸಿ. ಚೀಟಿಯಲ್ಲಿ 2/52 ಅಂತ ಬರೆದದ್ದು ಕಂಡರೆ ಅದು ತಾರೀಕಲ್ಲ. ವರ್ಷದ 52 ವಾರದಲ್ಲಿ ಎರಡು ವಾರ ಅಂತ ಕೆಲವು ಡಾಕ್ಟರುಗಳು ಬರೆಯುವ ರೀತಿ. 2/12 ಅಂದರೆ ಎರಡು ತಿಂಗಳು. ಇದು ಫೆಬ್ರವರಿಯೂ ಅಲ್ಲ, ಡಿಸೆಂಬರೂ ಅಲ್ಲ.

ಮೊದಲ ದಿನವನ್ನು ಸೇರಿಸಬೇಕಾ ಬಿಡಬೇಕಾ ಎಂಬುದು ಸಂದರ್ಭದ ಮೇಲೆ ನಿಂತಿರುತ್ತದೆ. ಮನೆಯ ಕ್ರಿಯೆಗಳಲ್ಲಿ ಮೊದಲ ದಿನ ಸೇರುತ್ತದೆ. ಮೇ 20ರ ಹಗಲು ತೀರಿಕೊಂಡವರ ಹದಿಮೂರನೇ ದಿನ ಜೂನ್ 1, ಜೂನ್ 2 ಅಲ್ಲ. ಸೂರ್ಯೋದಯದಿಂದ ದಿನ ಎಣಿಸುವ ಮನೆಗಳಲ್ಲಿ ನಸುಕಿನ ಮೂರು ಗಂಟೆಗೆ ತೀರಿಕೊಂಡರೆ ಹಿಂದಿನ ದಿನಕ್ಕೆ ಸೇರಿಸುವುದೂ ಉಂಟು, ಅದನ್ನು ಪುರೋಹಿತರನ್ನೇ ಕೇಳಬೇಕು.

ಕಾನೂನಿನಲ್ಲಿ ಇದು ತಿರುಗುಮುರುಗು. 1897ರ ಜನರಲ್ ಕ್ಲಾಸಸ್ ಆ್ಯಕ್ಟ್‌ನ 9ನೇ ಸೆಕ್ಷನ್ ಪ್ರಕಾರ ಕೇಂದ್ರದ ಕಾಯಿದೆಯಲ್ಲಿ ‘ಇಂಥ ದಿನದಿಂದ’ ಅಂತ ಇದ್ದರೆ ಆ ಮೊದಲ ದಿನವನ್ನು ಬಿಟ್ಟು ಎಣಿಸಬೇಕು. ಅಂಥ ಕಾಯಿದೆಯಡಿ ಮೇ 20ಕ್ಕೆ ಸಿಕ್ಕಿದ ನೋಟಿಸಿಗೆ ಆ ದಿನದಿಂದ 15 ದಿನದ ಒಳಗೆ ಉತ್ತರ ಕೊಡಬೇಕು ಅಂತ ಇದ್ದರೆ ಮೇ 21 ಮೊದಲ ದಿನ, ಜೂನ್ 4 ಕೊನೆಯ ದಿನ. ಕೊನೆಯ ದಿನ ಆ ಕೋರ್ಟು ಅಥವಾ ಆಫೀಸು ಮುಚ್ಚಿದ್ದರೆ ಮತ್ತೆ ತೆರೆದ ದಿನ ಕೊಟ್ಟರೂ ನಡೆಯುತ್ತದೆ ಅನ್ನುತ್ತದೆ ಮುಂದಿನ ಸೆಕ್ಷನ್. ಇಬ್ಬರ ನಡುವಿನ ಕರಾರುಪತ್ರಕ್ಕೆ ಇದನ್ನು ಸುಮ್ನೆ ಹಚ್ಚಬೇಡಿ. ಅಲ್ಲಿ ಪತ್ರದಲ್ಲೇ ಕೊನೆಯ ತಾರೀಕು ಬರೆಸಿಕೊಳ್ಳುವುದು ಸುರಕ್ಷಿತ.

ಆರನೆಯದು: ವಾರ ಬಿಟ್ಟು ವಾರ

ಪದೇ ಪದೇ ಬರುವ ದಿನಕ್ಕೆ ಬರೀ ಅಂತರ ಸಾಲದು, ಶುರುವಿನ ತಾರೀಕು ಬೇಕು. ‘ವಾರ ಬಿಟ್ಟು ವಾರ ಭಾನುವಾರ ಸಭೆ’ ಅಂದರೆ ಎರಡು ಸಾಲು ಸಾಧ್ಯ. ಜೂನ್ 7, 21, ಜುಲೈ 5 ಒಂದು. ಜೂನ್ 14, 28, ಜುಲೈ 12 ಇನ್ನೊಂದು. ಮೊದಲ ತಾರೀಕು ಬರೆದರೆ ಮಾತ್ರ ಯಾವ ಸಾಲು ಅಂತ ಗೊತ್ತಾಗುತ್ತದೆ. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಶೀಟ್ ತೆರೆದು, A1ರಲ್ಲಿ ಮೊದಲ ತಾರೀಕು ಹಾಕಿ, A2ರಲ್ಲಿ ಇದನ್ನು ಹಾಕಿ ಕೆಳಗೆ ಎಳೆದರೆ ಇಡೀ ವರ್ಷದ ಪಟ್ಟಿ ಸಿಗುತ್ತದೆ.

```
=A1+14
```

‘ಎರಡನೇ ಮತ್ತು ನಾಲ್ಕನೇ ಶನಿವಾರ’ವನ್ನು ವಾರ ಬಿಟ್ಟು ವಾರ ಅಂತ ತಿಳಿಯುವವರು ಬಹಳ. 2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೆ ಈ ಎರಡು ಶನಿವಾರ ರಜೆ. ಐದು ಶನಿವಾರ ಇರುವ ತಿಂಗಳು ಬಂದಾಗ ಲೆಕ್ಕ ತಪ್ಪುತ್ತದೆ. 2026ರ ಮೇಯಲ್ಲಿ ನಾಲ್ಕನೇ ಶನಿವಾರ 23. ಹದಿನಾಲ್ಕು ದಿನ ಕೂಡಿಸಿದರೆ ಜೂನ್ 6, ಆದರೆ ಅದು ಜೂನ್‌ನ ಮೊದಲ ಶನಿವಾರ. ಬ್ಯಾಂಕಿಗೆ ರಜೆ ಜೂನ್ 13ಕ್ಕೆ. ನಡುವೆ ಮೂರು ವಾರ. ಬೆಸ ತಾರೀಕು, ಸರಿ ತಾರೀಕು ಅಂತ ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲೂ ಇದೇ ಕಥೆ. 31 ಕೂಡ ಬೆಸ, ಮರುದಿನದ 1 ಕೂಡ ಬೆಸ.

‘ಎರಡು ದಿನಕ್ಕೊಮ್ಮೆ’ ಮತ್ತು ‘ಎರಡು ದಿನ ಬಿಟ್ಟು’ ಒಂದೇ ಅಲ್ಲ. ಮೊದಲನೆಯದು ಸೋಮ, ಬುಧ, ಶುಕ್ರ. ಎರಡನೆಯದು ಸೋಮ, ಗುರು, ಭಾನು. ಗಿಡಕ್ಕೆ ನೀರು ಹಾಕುವವರಿಗೆ ಹೇಳುವಾಗ ನಡೆದೀತು, ಮಾತ್ರೆಯ ವಿಷಯದಲ್ಲಿ ವಾರದ ಹೆಸರು ಬರೆಸಿಕೊಳ್ಳಿ.

ಇಂಗ್ಲಿಷಿನ ‘ಬೈ’ ಸೇರಿದ ಪದಗಳನ್ನು ಇನ್ನೂ ಜಾಗ್ರತೆಯಿಂದ ಓದಬೇಕು. ನಮ್ಮ ರೈಲ್ವೆಯವರು ಬೈವೀಕ್ಲಿ ಅಂದರೆ ವಾರಕ್ಕೆ ಎರಡು ದಿನ ಓಡುವ ರೈಲು. ಕೇರಳದ ಕರೆಂಟ್ ಬಿಲ್ ಬೈಮಂಥ್ಲಿ ಅಂದರೆ ಎರಡು ತಿಂಗಳಿಗೊಮ್ಮೆ. ರಿಸರ್ವ್ ಬ್ಯಾಂಕಿನ ಬೈಮಂಥ್ಲಿ ಹಣಕಾಸು ನೀತಿಯೂ ಎರಡು ತಿಂಗಳಿಗೊಮ್ಮೆ. ಒಂದು ಕಡೆ ಎರಡು ಸಲ, ಇನ್ನೊಂದು ಕಡೆ ಎರಡಕ್ಕೆ ಒಂದು ಸಲ. ಈ ಪದ ಕಂಡರೆ ಊಹಿಸಬೇಡಿ, ಟೈಂಟೇಬಲ್ ನೋಡಿ.

ಕೊನೆಯದಾಗಿ, ಒಂದು ಸಲ ತಪ್ಪಿದಾಗ ಏನು ಮಾಡುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಕುಟುಂಬಶ್ರೀ ಕೂಟವೋ ಭಜನಾ ಸಮಿತಿಯೋ, ವಾರ ಬಿಟ್ಟು ವಾರ ಸೇರುವ ಯಾವ ಗುಂಪಿನಲ್ಲೂ ಇದು ಬಂದೇ ಬರುತ್ತದೆ. ಜೂನ್ 21ರ ಸಭೆ ಮಳೆಗೆ ನಿಂತು 28ಕ್ಕೆ ನಡೆಯಿತು ಅಂತ ಇಟ್ಟುಕೊಳ್ಳಿ. ಮುಂದಿನದು ಹಳೆಯ ಸಾಲಿನ ಪ್ರಕಾರ ಜುಲೈ 5ಕ್ಕಾ, ನಡೆದ ದಿನದಿಂದ ಎಣಿಸಿ ಜುಲೈ 12ಕ್ಕಾ? ಅರ್ಧ ಜನ 5ಕ್ಕೆ ಬರುತ್ತಾರೆ, ಅರ್ಧ ಜನ 12ಕ್ಕೆ. ಸಭೆಗೆ ಹಳೆಯ ಸಾಲನ್ನೇ ಹಿಡಿಯುವುದು ಅನುಕೂಲ, ಯಾಕೆಂದರೆ ಎಲ್ಲರೂ ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತು ಮಾಡಿರುತ್ತಾರೆ. ತೋಟಕ್ಕೆ ಮದ್ದು ಬಿಡುವಂಥ ಕೆಲಸಕ್ಕೆ ಮಾತ್ರ ನಡೆದ ದಿನದಿಂದಲೇ ಎಣಿಸಬೇಕು, ಮದ್ದಿನ ಪರಿಣಾಮ ಇರುವುದು ಬಿಟ್ಟ ದಿನದಿಂದ. ಯಾವುದನ್ನು ಹಿಡಿಯುತ್ತೀರಿ ಎಂಬುದನ್ನು ಸಭೆಯ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ, ಅದರ ಕೆಳಗೆ ಬರುವ ಮೂರು ಸಭೆಗಳ ತಾರೀಕನ್ನೂ ಹಾಕಿ.